ಇಂಜಿನ್ ಓಡುತ್ತಲೇ ಇತ್ತು, ಬ್ಯಾಟರಿ ಇಳಿದದ್ದು ಹೇಗೆ?

ಪ್ರಶ್ನೆ: ಹಾಸನಾಂಬೆ ದರ್ಶನಕ್ಕೆ ಅರಸೀಕೆರೆಯಿಂದ ಹೋಗಿದ್ದೆವು. ಅತ್ತೆ, ಮಾವ ಕ್ಯೂನಲ್ಲಿ ನಿಂತರು. ನಾನು ಮಕ್ಕಳ ಜೊತೆ ಕಾರಲ್ಲೇ ಕೂತೆ. ರಾತ್ರಿ, ಮಳೆ ಬೇರೆ. ಇಂಜಿನ್ ಆಫ್ ಮಾಡದೆ ಎಸಿ, ಹಾಡು ಹಾಕಿಕೊಂಡಿದ್ದೆ. ಒಂದೂವರೆ ಗಂಟೆ ಆದಮೇಲೆ Battery Saver Active ಅಂತ ಬಂತು. ಹಿಂದಿನ ಗಾಜಿನ ಹೀಟರ್ ನಿಂತುಹೋಯಿತು, ಎಸಿ ಗಾಳಿಯೂ ಕಮ್ಮಿ ಆಯಿತು. ಇಂಜಿನ್ ಓಡುತ್ತಿದ್ದರೆ ಬ್ಯಾಟರಿ ಚಾರ್ಜ್ ಆಗಬೇಕು ಅಲ್ವಾ?

ಉತ್ತರ: ಆಗಬೇಕು, ಆದರೆ ಗಾಡಿ ಓಡುವಾಗ ಆಗುವಷ್ಟು ಆಗುವುದಿಲ್ಲ. ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಇಂಜಿನ್ನೇ ಬೆಲ್ಟ್ ಮೂಲಕ ತಿರುಗಿಸುತ್ತದೆ. ಇಂಜಿನ್ ನಿಧಾನವಾದರೆ ಅದೂ ನಿಧಾನ. ಅದರ ಮೇಲೆ 90 ಆಂಪಿಯರ್ ಎಂದು ಬರೆದಿದ್ದರೂ ಅದು ವೇಗವಾಗಿ ತಿರುಗುವಾಗಿನ ಲೆಕ್ಕ. ಐಡ್ಲಿಂಗ್‌ನಲ್ಲಿ, ಬಾನೆಟ್ ಒಳಗೆ ಬಿಸಿ ಏರಿದಾಗ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕರೆ ಪುಣ್ಯ. 55 ಅಂತಲೇ ಇಟ್ಟುಕೊಳ್ಳೋಣ.

ಈಗ ಖರ್ಚು ನೋಡಿ. ಇವು ಅಂದಾಜು, ಗಾಡಿಯಿಂದ ಗಾಡಿಗೆ ಬದಲಾಗುತ್ತವೆ. ಪೆಟ್ರೋಲ್ ಪಂಪು, ಇಂಜಿನ್ ಕಂಪ್ಯೂಟರ್ ಸೇರಿ 10 ಆಂಪಿಯರ್. ಹೆಡ್‌ಲೈಟಿಗೆ 10. ಎಸಿ ಬ್ಲೋವರ್‌ಗೆ 12, ರೇಡಿಯೇಟರ್ ಮುಂದಿನ ಫ್ಯಾನು ಮತ್ತು ಎಸಿ ಕ್ಲಚ್‌ಗೆ 12, ಹಿಂದಿನ ಗಾಜಿನ ಹೀಟರ್‌ಗೆ 12. ಹಾಡಿಗೆ 6, ಮಕ್ಕಳ ಫೋನ್ ಚಾರ್ಜಿಗೆ 3. ಒಟ್ಟು 65. ಬರುವುದು 55, ಕೊರತೆ 10. ಅದನ್ನು ಬ್ಯಾಟರಿಯೇ ತುಂಬಬೇಕು. ಒಂದೂವರೆ ಗಂಟೆಗೆ 15 ಆಂಪಿಯರ್-ಅವರ್, ಅಂದರೆ 45ರ ಬ್ಯಾಟರಿಯಲ್ಲಿ ಮೂರನೇ ಒಂದು ಭಾಗ ಖಾಲಿ.

ಎಲ್ಲರೂ ಬೈಯುವುದು ಹಾಡನ್ನು. ಹೊರಗಿನಿಂದ ದೊಡ್ಡ ಆಂಪ್, ವೂಫರ್ ಹಾಕಿಸಿದ್ದರೆ ಆ ಬೈಗುಳ ಸರಿ. ಕಂಪನಿಯ ಸ್ಟೀರಿಯೋ ಆದರೆ ಪಾಪ, ಅದು ತಿನ್ನುವುದು ಕಮ್ಮಿ. ಎಸಿಯಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಮಾಮೂಲಿ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಕಂಪ್ರೆಸರ್ ತಿರುಗುವುದು ಇಂಜಿನ್ ಬೆಲ್ಟಿನಿಂದ, ಕರೆಂಟಿನಿಂದಲ್ಲ. ಕರೆಂಟ್ ತಿನ್ನುವುದು ಬ್ಲೋವರ್ ಮತ್ತು ಫ್ಯಾನು. ನಿಂತ ಗಾಡಿಗೆ ಎದುರುಗಾಳಿ ಇಲ್ಲವಲ್ಲ, ಹಾಗಾಗಿ ಫ್ಯಾನು ಪದೇ ಪದೇ ತಿರುಗುತ್ತದೆ.

ನಿಮ್ಮ ಕಾರಿನಲ್ಲಿ ದೊಡ್ಡ ತಿಂಡಿಪೋತ ಹಿಂದಿನ ಗಾಜಿನ ಹೀಟರ್. ಎಷ್ಟೋ ಕಾರುಗಳಲ್ಲಿ ಅದು 10-15 ನಿಮಿಷಕ್ಕೆ ತಾನಾಗಿ ಆಫ್ ಆಗುತ್ತದೆ. ಗಾಜು ಮತ್ತೆ ಮಂಜಾಯಿತು ಅಂತ ನೀವು ಒತ್ತುತ್ತಾ ಇದ್ದಿರಬೇಕು!

ಈ ವ್ಯವಸ್ಥೆ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಯ ಮೈನಸ್ ತುದಿಯ ಹತ್ತಿರ ಒಂದು ಸೆನ್ಸರ್ ಇರುತ್ತದೆ. ಎಷ್ಟು ಕರೆಂಟ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಎಂದು ಅದು ಲೆಕ್ಕ ಇಡುತ್ತದೆ. ಕೊರತೆ ಕಂಡರೆ ಕೆಲವು ಕಾರುಗಳು ಮೊದಲು ಇಂಜಿನ್ ವೇಗವನ್ನೇ ತುಸು ಏರಿಸುತ್ತವೆ. ಅದೂ ಸಾಲದಿದ್ದರೆ ಇಲ್ಲದಿದ್ದರೂ ನಡೆಯುವಂಥವನ್ನು ಕಡಿಮೆ ಮಾಡುತ್ತವೆ, ಇಲ್ಲವೇ ಆಫ್ ಮಾಡುತ್ತವೆ: ಗಾಜಿನ ಮತ್ತು ಕನ್ನಡಿಯ ಹೀಟರ್, ಸೀಟಿನ ಹೀಟರ್ ಅಥವಾ ಫ್ಯಾನು, ಬ್ಲೋವರ್ ವೇಗ. ಕೆಲವು ಗಾಡಿಗಳಲ್ಲಿ ಹಾಡಿನ ಸರದಿಯೂ ಬರುತ್ತದೆ. ಕ್ರಮ ಕಂಪನಿಗೊಂದು ತರಹ, ಮ್ಯಾನುವಲ್‌ನಲ್ಲಿ ನೋಡಬೇಕು. ಆದರೆ ಹೆಡ್‌ಲೈಟ್, ವೈಪರ್, ಬ್ರೇಕ್ ಲೈಟ್, ಎಬಿಎಸ್, ಪವರ್ ಸ್ಟೀರಿಂಗ್ ಇವನ್ನು ಮುಟ್ಟುವುದಿಲ್ಲ. ನಿಮ್ಮ ಲೆಕ್ಕಕ್ಕೇ ಬಂದರೆ, ಹೀಟರ್ ಒಂದು ನಿಂತರೆ ಖರ್ಚು 53ಕ್ಕೆ ಇಳಿಯುತ್ತದೆ. ಕೊರತೆ ಅಲ್ಲಿಗೇ ಮುಚ್ಚಿತು.

ಮೆಸೇಜ್ ಬಂದಾಗ ಗಾಬರಿಯಿಂದ ಇಂಜಿನ್ ಆಫ್ ಮಾಡಬೇಡಿ, ಹಳೇ ಬ್ಯಾಟರಿಯಾದರೆ ಮತ್ತೆ ಸ್ಟಾರ್ಟ್ ಆಗದೇ ಇರಬಹುದು. ನಿಂತ ಜಾಗದಲ್ಲಿ ಹೆಡ್‌ಲೈಟ್ ಬೇಡ, ಪಾರ್ಕಿಂಗ್ ಲೈಟ್ ಸಾಕು. ಬ್ಲೋವರ್ ಒಂದಕ್ಕೆ ಇಳಿಸಿ. ಸುಮ್ನೆ ಆಕ್ಸಿಲರೇಟರ್ ಒತ್ತಿಕೊಂಡು ಕೂರುವುದಕ್ಕಿಂತ ಇದು ಮೇಲು. ಅರಸೀಕೆರೆಗೆ ವಾಪಸ್ 40 ಕಿಲೋಮೀಟರ್ ಓಡಿಸಿದರೆ ಕಳೆದುಕೊಂಡದ್ದರಲ್ಲಿ ಬಹುಪಾಲು ಬರುತ್ತದೆ. ಊರೊಳಗೆ ಹತ್ತು ನಿಮಿಷ ಸುತ್ತಿದರೆ ಬರುವುದಿಲ್ಲ.

ಐದೇ ನಿಮಿಷದ ಐಡ್ಲಿಂಗ್‌ಗೆ ಇದೇ ಮೆಸೇಜ್ ಬಂದರೆ, ಅಥವಾ ಹೈವೇಯಲ್ಲಿ ಓಡುವಾಗ ಬಂದರೆ, ಮಾತು ಬೇರೆ. ಕೆಂಪು ಬ್ಯಾಟರಿ ದೀಪವೂ ಬೇರೆಯೇ, ಅದು ಚಾರ್ಜಿಂಗ್ ತೊಂದರೆ. ಮಲ್ಟಿಮೀಟರ್ ಇದ್ದರೆ ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. ಆಮೇಲೆ ಇಂಜಿನ್ ಓಡಿಸಿ, ಹೆಡ್‌ಲೈಟ್, ಬ್ಲೋವರ್, ಗಾಜಿನ ಹೀಟರ್ ಎಲ್ಲ ಹಾಕಿ ಮತ್ತೆ ನೋಡಿ. 13.5ರ ಮೇಲಿದ್ದರೆ ಚಿಂತೆಯಿಲ್ಲ. 12.5ರ ಆಸುಪಾಸಿಗೆ ಇಳಿದು ಅಲ್ಲೇ ನಿಂತರೆ ಬೆಲ್ಟ್ ಮತ್ತು ಆಲ್ಟರ್ನೇಟರ್ ತೋರಿಸಿ. ಇಲ್ಲಿ ಸರಿ ಇದ್ದು, ಬೆಳಗಿನ ಅಳತೆ ಮಾತ್ರ ಪದೇ ಪದೇ ಕಮ್ಮಿ ಬರುತ್ತಿದ್ದರೆ ಬ್ಯಾಟರಿಯನ್ನು ಲೋಡ್ ಟೆಸ್ಟ್ ಮಾಡಿಸಿ.