ಉಳಿತಾಯದ ಸಂಖ್ಯೆ ಮೊದಲ ವಾರ ಮಾತ್ರ ಯಾಕೆ ಚೆನ್ನಾಗಿರುತ್ತೆ?

ಪ್ರಶ್ನೆ: ವಿಜಯನಗರದಲ್ಲಿ ರೂಮು, ವೈಟ್‌ಫೀಲ್ಡ್‌ನಲ್ಲಿ ಕೆಲಸ, ಜೊತೆಗೆ ಕೆಎಎಸ್‌ಗೆ ಓದುತ್ತಿದ್ದೇನೆ. ಪ್ರತಿ ಭಾನುವಾರ ರಾತ್ರಿ ಮೂರು ಸಂಖ್ಯೆ ಬರೆಯುತ್ತೇನೆ: ಓದಿದ ಗಂಟೆ, ವ್ಯಾಯಾಮ ಮಾಡಿದ ದಿನ, ಉಳಿಸಿದ ದುಡ್ಡು. ಸಂಬಳದ ವಾರ ದುಡ್ಡಿನ ಸಂಖ್ಯೆ ಸೂಪರ್. ಆಮೇಲೆ ಬರೀ ಮೈನಸ್. ಮೂರನೇ ವಾರಕ್ಕೆ ಬೇಜಾರಾಗಿ ಪುಸ್ತಕ ಮುಚ್ಚಿಡುತ್ತೇನೆ. ತಪ್ಪು ಎಲ್ಲಿದೆ?

ತಪ್ಪು ನಿಮ್ಮ ಖರ್ಚಿನಲ್ಲಿ ಇಲ್ಲದೆಯೂ ಇರಬಹುದು, ಲೆಕ್ಕದಲ್ಲಂತೂ ಇದೆ. ನೀವು ಬಹುಶಃ ಈ ಭಾನುವಾರದ ಬ್ಯಾಂಕ್ ಬ್ಯಾಲೆನ್ಸ್‌ನಿಂದ ಹೋದ ಭಾನುವಾರದ್ದನ್ನು ಕಳೆಯುತ್ತಿದ್ದೀರಿ. ಸಂಬಳ ಬರುವುದು ತಿಂಗಳಿಗೊಮ್ಮೆ, ಅಳೆಯುವುದು ವಾರಕ್ಕೊಮ್ಮೆ. ಹಾಗಾಗಿ ಎಷ್ಟೇ ಬಿಗಿ ಹಿಡಿದರೂ ಸಂಬಳವಿಲ್ಲದ ವಾರಗಳು ಮೈನಸ್ಸೇ.

ಒಂದು ಉದಾಹರಣೆ ನೋಡೋಣ. ಕೈಗೆ ಬರುವ ಸಂಬಳ 42,000 ಅಂತಿಟ್ಟುಕೊಳ್ಳಿ. ಬಾಡಿಗೆಯ ಪಾಲು 9,500, ಊರಿಗೆ ಕಳಿಸುವುದು 7,000, ಎಸ್‌ಐಪಿ 3,000, ಕರೆಂಟು-ಫೋನು-ಇಂಟರ್ನೆಟ್ 2,000. ಇದರ ಜೊತೆ ಇನ್ನೊಂದು 1,000 ಸೇರಿಸಿ. ಅದು ಹಬ್ಬದ ಬಟ್ಟೆ, ಗಾಡಿ ಇನ್ಶೂರೆನ್ಸ್‌ನಂಥ ವರ್ಷಕ್ಕೊಮ್ಮೆ ಬರುವ ಖರ್ಚಿಗೆ. ವರ್ಷಕ್ಕೆ 12,000 ಆಗುವುದಾದರೆ ಅದನ್ನು ಹನ್ನೆರಡರಿಂದ ಭಾಗಿಸಿ ಈಗಲೇ ಎತ್ತಿಡಿ, ಇಲ್ಲದಿದ್ದರೆ ದೀಪಾವಳಿ ವಾರ ನಿಮ್ಮ ಪುಸ್ತಕಕ್ಕೇ ಪಟಾಕಿ. ಒಟ್ಟು 22,500 ಹೋಯಿತು, ಉಳಿದದ್ದು 19,500.

ತಿಂಗಳಿಗೆ ಸರಾಸರಿ 4.33 ವಾರ. ಭಾಗಿಸಿದರೆ ವಾರಕ್ಕೆ ಸುಮಾರು 4,500. ಇನ್ನು ಮೇಲೆ ಇದೇ ನಿಮ್ಮ ವಾರದ ಸಂಬಳ, ಬ್ಯಾಲೆನ್ಸ್ ನೋಡುವ ಕೆಲಸವೇ ಇಲ್ಲ. ಭಾನುವಾರ ಯುಪಿಐ ಹಿಸ್ಟರಿ ತೆಗೆದು ವಾರದ ಖರ್ಚು ಕೂಡಿಸಿ, ಊಟ, ತರಕಾರಿ, ಮೆಟ್ರೋ ಕಾರ್ಡ್ ರೀಚಾರ್ಜ್ ಎಲ್ಲ. ಎಟಿಎಂನಿಂದ ತೆಗೆದ ಹಣವನ್ನು ತೆಗೆದ ದಿನವೇ ಖರ್ಚು ಅಂತ ಹಿಡಿಯಿರಿ, ಯಾವ ಚಹಾಕ್ಕೆ ಎಷ್ಟು ಹೋಯಿತು ಅಂತ ಹುಡುಕುತ್ತಾ ಕೂರಬೇಡಿ. 4,500ರಲ್ಲಿ ಆ ಮೊತ್ತ ಕಳೆದರೆ ಬರುವುದೇ ವಾರದ ಸಂಖ್ಯೆ.

ನಾಲ್ಕು ವಾರದ ಖರ್ಚು 3,800, 3,600, 5,100, 3,900 ಅಂದುಕೊಳ್ಳಿ. ಹಳೆಯ ಲೆಕ್ಕದಲ್ಲಿ ಮೊದಲ ವಾರ +15,700, ಆಮೇಲೆ −3,600, −5,100, −3,900. ಹೊಸ ಲೆಕ್ಕದಲ್ಲಿ 700, 900, −600, 600. ನಿಜವಾಗಿ ಕೈತಪ್ಪಿದ್ದು ಮೂರನೇ ವಾರ ಒಂದೇ ಅಂತ ಈಗ ಕಾಣಿಸುತ್ತೆ, ಅಲ್ವಾ? ಹಳೆಯದರಲ್ಲಿ ಅದು ಉಳಿದ ಮೈನಸ್‌ಗಳ ನಡುವೆ ಕಳೆದುಹೋಗಿತ್ತು.

ಉಳಿದ 700 ರೂಪಾಯಿಯನ್ನು ಅದೇ ಭಾನುವಾರ ಬೇರೆ ಖಾತೆಗೆ ಹಾಕಿ, ಹಾಕಿದ ಮೇಲೆ ಪುಸ್ತಕದಲ್ಲಿ ಬರೆಯಿರಿ. ಸುಮ್ನೆ ಅದೇ ಖಾತೆಯಲ್ಲಿ ಬಿಟ್ಟರೆ ಬುಧವಾರದ ಬಿರಿಯಾನಿಗೆ ಹೋಗುತ್ತೆ, ಪುಸ್ತಕದಲ್ಲಿ ಮಾತ್ರ ಉಳಿತಾಯ ಅಂತಿರುತ್ತೆ. ಮೈನಸ್ ಬಂದ ವಾರ ಆ ಖಾತೆಯಿಂದ ವಾಪಸ್ ತೆಗೆಯುವ ಬದಲು ಮುಂದಿನ ವಾರದ 4,500ರಲ್ಲಿ ಮುರಿದುಕೊಳ್ಳಿ.

ಓದಿನ ಗಂಟೆಗೆ ಬೇರೆ ಕಾಯಿಲೆ. ಭಾನುವಾರ ನೆನಪಿನಿಂದ ಬರೆದರೆ ಸಂಖ್ಯೆ ಉಬ್ಬುತ್ತೆ. 10, 12, 10 ಅಂತ ಬರೀ ದುಂಡು ಸಂಖ್ಯೆಗಳೇ ಇದ್ದರೆ ಅದು ಊಹೆ ಅಂತಲೇ ತಿಳಿಯಿರಿ. ಫೋನು ದೂರವಿಟ್ಟು 50 ನಿಮಿಷ ಕೂತಾಗಲೆಲ್ಲ, ಎದ್ದ ಕೂಡಲೇ ಒಂದು ಗೀಟು ಹಾಕಿ, ಭಾನುವಾರ ಗೀಟು ಎಣಿಸಿದರೆ ಸಾಕು. ಪರ್ಪಲ್ ಲೈನಿನಲ್ಲಿ ನೇತಾಡುತ್ತಾ ಕೇಳಿದ ಕರೆಂಟ್ ಅಫೇರ್ಸ್ ಲೆಕ್ಕಕ್ಕೆ ಬರುತ್ತಾ? ನಾನಾದರೆ ಸೇರಿಸುವುದಿಲ್ಲ. ನೀವು ಸೇರಿಸುವುದಾದರೆ ಪ್ರತಿ ವಾರವೂ ಸೇರಿಸಿ, ಕಡಿಮೆ ಬಿದ್ದ ವಾರ ಮಾತ್ರ ಅಲ್ಲ. ವ್ಯಾಯಾಮಕ್ಕೂ ಅಷ್ಟೇ: ಕನಿಷ್ಠ 20 ನಿಮಿಷ ಅಂತಲೋ ಏನೋ ಒಂದು ಗೆರೆ ಮೊದಲೇ ಎಳೆದುಕೊಳ್ಳಿ.

ಮೊದಲ ನಾಲ್ಕು ವಾರ ಗುರಿ ಇಟ್ಟುಕೊಳ್ಳಬೇಡಿ, ಬರೀ ಬರೆಯಿರಿ. ಗೀಟುಗಳು 6, 9, 3, 6 ಬಂದರೆ ಮುಂದಿನ ಗುರಿ ಸರಾಸರಿಯಾದ 6, ಹದಿನೈದಲ್ಲ. ಮತ್ತೆ ಮೂರನ್ನೂ ಕೂಡಿಸಿ ಒಂದೇ ಮಾರ್ಕ್ಸ್ ಮಾಡಬೇಡಿ, ಜಿಮ್ ಜಾಸ್ತಿಯಾಗಿದ್ದು ಓದು ನಿಂತಿದ್ದನ್ನು ಮುಚ್ಚಿಬಿಡುತ್ತೆ.

ಬದಲಿಗೆ ಒಂದೇ ಸಾಲಿನಲ್ಲಿ ಪಕ್ಕಪಕ್ಕ ಬರೆದು, ಕೊನೆಗೆ ಒಂದು ಪದ ಸೇರಿಸಿ. ಆ ಕೆಟ್ಟ ವಾರದ ಸಾಲು ಹೀಗಿರಬಹುದು: 3, 1, −600, ರಿಲೀಸ್. ಆಫೀಸಿನಲ್ಲಿ ರಿಲೀಸ್ ಇತ್ತು, ತಡವಾಗಿ ಬಂದಿರಿ, ದಿನಾ ಆರ್ಡರ್ ಮಾಡಿ ತಿಂದಿರಿ, ಓದಲಿಲ್ಲ, ಓಡಲೂ ಇಲ್ಲ. ಮೂರು ಸೋಲಿಗೂ ಕಾರಣ ಒಂದೇ. ಮುಂದಿನ ರಿಲೀಸ್ ತಾರೀಖು ಮೊದಲೇ ಗೊತ್ತಿರುತ್ತಲ್ಲ, ಆ ವಾರಕ್ಕೆ ಗುರಿ 3 ಗೀಟು ಅಂತ ಹಿಂದಿನ ಭಾನುವಾರವೇ ಬರೆದು, ಒಂದಿಷ್ಟು ಅವಲಕ್ಕಿ, ಮೊಟ್ಟೆ ತಂದಿಟ್ಟುಕೊಳ್ಳಿ.