ಮೊಟ್ಟೆ ಬಜ್ಜಿ: ಹಿಟ್ಟು ಬಿಡೋದು ಅಂಚಿನಲ್ಲಿ

ಆಲೂಗಡ್ಡೆ, ಬಾಳೆಕಾಯಿ ಬಜ್ಜಿ ಸಲೀಸಾಗಿ ಕರಿಯೋರ ಕೈಯಲ್ಲೂ ಮೊಟ್ಟೆ ಬಜ್ಜಿ ಬಟ್ಟೆ ಬಿಚ್ಚುತ್ತೆ. ಆಲೂಗಡ್ಡೆ ಬಿಲ್ಲೆಯ ಕೊಯ್ದ ಮುಖ ಒರಟು, ಅದರ ಮೇಲೆ ಪಿಷ್ಟವೂ ಇರುತ್ತೆ, ಹಾಗಾಗಿ ಹಿಟ್ಟು ಕಚ್ಚಿಕೊಳ್ಳುತ್ತೆ. ಬೆಂದ ಮೊಟ್ಟೆಯ ಬಿಳಿ ನುಣುಪು, ಪಿಷ್ಟ ಇಲ್ಲ, ಜೊತೆಗೆ ಅದರ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ನೀರೇ. ಎಣ್ಣೆಗೆ ಬಿದ್ದ ಕೂಡಲೇ ಮೇಲ್ಮೈ ನೀರು ಆವಿಯಾಗಿ ಹಿಟ್ಟನ್ನು ಒಳಗಿನಿಂದ ತಳ್ಳುತ್ತೆ. ಹಿಟ್ಟು ಬೆಂದು ಗಟ್ಟಿಯಾಗೋವರೆಗಿನ ಆ ಮೊದಲ ಅರ್ಧ ನಿಮಿಷ ದಾಟಿಸಿಬಿಟ್ಟರೆ ಮುಂದಿನದು ಸುಲಭ. ಈ ಟಿಪ್ಪಣಿ ಬಹುಪಾಲು ಆ ಅರ್ಧ ನಿಮಿಷದ ಬಗ್ಗೆಯೇ. ಲೆಕ್ಕ ಎಲ್ಲಾ 6 ಮೊಟ್ಟೆಗೆ, ಅಂದರೆ 12 ಹೋಳಿಗೆ.

ಮೊಟ್ಟೆ

ನೀರು ಕುದಿ ಬಂದ ಮೇಲೆ 10 ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ ಸುಲಿಯಿರಿ. ಕೋಲಾರ, ಚಿಂತಾಮಣಿ ಕಡೆ ಫಾರಂನಿಂದ ನೇರ ತಂದ ಮೊಟ್ಟೆಯಾದರೆ ನಾಲ್ಕೈದು ದಿನ ಬಿಟ್ಟು ಬಳಸಿ. ತೀರಾ ತಾಜಾ ಮೊಟ್ಟೆಯ ಸಿಪ್ಪೆ ಬಿಳಿಯನ್ನೂ ಕಿತ್ತುಕೊಂಡು ಬರುತ್ತೆ, ಆ ಗುಂಡಿಗಳಲ್ಲಿ ನೀರು ನಿಲ್ಲುತ್ತೆ. ಫ್ರಿಜ್ಜಿನಿಂದ ತೆಗೆದ ಮೊಟ್ಟೆಯನ್ನು ಹಾಗೇ ಅದ್ದಬೇಡಿ. ತಂಪಿಗೆ ಮೇಲೆ ಬೆವರು ಕೂರುತ್ತೆ.

ಹೋಳು ಮಾಡೋಕೆ ಚಾಕುವಿಗಿಂತ ಹೊಲಿಗೆ ದಾರ ವಾಸಿ. ದಾರವನ್ನು ಮೊಟ್ಟೆಗೆ ಉದ್ದಕ್ಕೆ ಸುತ್ತಿ ಎರಡೂ ತುದಿ ಎಳೆದರೆ ಹಳದಿ ಪುಡಿಯಾಗದೆ ಶುದ್ಧವಾಗಿ ಎರಡಾಗುತ್ತೆ. ಚಾಕುವೇ ಬಳಸೋದಾದರೆ ಪ್ರತಿ ಸಲ ಒರೆಸಿ.

ಹಿಟ್ಟು

ಕಡಲೆ ಹಿಟ್ಟು ಒಂದೂವರೆ ಕಪ್ಪು (ಸುಮಾರು 150 ಗ್ರಾಂ), ಅಕ್ಕಿ ಹಿಟ್ಟು 3 ದೊಡ್ಡ ಚಮಚ, ಖಾರದ ಪುಡಿ ಒಂದೂವರೆ ಸಣ್ಣ ಚಮಚ, ಉಪ್ಪು 1 ಸಣ್ಣ ಚಮಚ, ಕೈಯಲ್ಲಿ ಉಜ್ಜಿದ ಓಂಕಾಳು ಅರ್ಧ ಚಮಚ, ಇಂಗು, ಎರಡು ಬೆರಳಲ್ಲಿ ಸಿಗುವಷ್ಟು ಸೋಡ. ಮೊದಲು ಅರ್ಧ ಕಪ್ಪು ನೀರು ಹಾಕಿ ಗಂಟಿಲ್ಲದಂತೆ ಗಟ್ಟಿಯಾಗಿ ಕಲಸಿ, ಆಮೇಲೆ ಚಮಚ ಚಮಚ ನೀರು ಸೇರಿಸಿ. ಒಟ್ಟು ಮುಕ್ಕಾಲು ಕಪ್ಪಿನ ಆಸುಪಾಸು ಹಿಡಿಯುತ್ತೆ. ಸೋಡ ಕೊನೆಗೆ. ಹತ್ತು ನಿಮಿಷ ಬಿಡಿ, ಕಡಲೆ ಹಿಟ್ಟು ನೀರು ಕುಡಿದು ಇನ್ನಷ್ಟು ಗಟ್ಟಿಯಾಗುತ್ತೆ, ಆಗ ಹದ ನೋಡಿ.

ಹದ ಹೀಗೆ: ಚಮಚದ ಬೆನ್ನಿಗೆ ಹಿಟ್ಟು ಮೆತ್ತಿ, ಬೆರಳಲ್ಲಿ ಗೆರೆ ಎಳೆಯಿರಿ. ಚಮಚ ಓರೆ ಮಾಡಿದರೂ ಗೆರೆ ಮುಚ್ಚಬಾರದು. ಮೆಣಸಿನಕಾಯಿ ಬಜ್ಜಿಯ ಹಿಟ್ಟಿಗಿಂತ ಇದು ಒಂದು ಹಂತ ಗಟ್ಟಿ. ಗರಿ ಬರಲಿ ಅಂತ ಸೋಡ ಜಾಸ್ತಿ ಹಾಕೋದು ಎಲ್ಲರ ಚಪಲ. ಅದರಿಂದ ಹಿಟ್ಟು ಎಣ್ಣೆ ಹೀರುತ್ತೆ, ಬೇಗ ಕೆಂಪಾಗುತ್ತೆ, ಬಾಯಿಗೆ ಸಾಬೂನಿನ ರುಚಿ ಬರುತ್ತೆ. ಗರಿ ಕೊಡೋದು ಅಕ್ಕಿ ಹಿಟ್ಟು.

ಅಂಚು

ಇಲ್ಲಿ ನಿಧಾನವಾಗಿ ಓದಿ. ಹೋಳಿನ ದುಂಡು ಬೆನ್ನಿನ ಮೇಲೆ ಹಿಟ್ಟು ಸಮವಾಗಿ ನಿಲ್ಲುತ್ತೆ. ಚಪ್ಪಟೆ ಮುಖದ ಮೇಲೂ ನಿಲ್ಲುತ್ತೆ. ಇವೆರಡೂ ಸೇರೋ ಚೂಪು ಅಂಚಿನ ಮೇಲೆ ಮಾತ್ರ ನಿಲ್ಲಲ್ಲ; ಎರಡೂ ಕಡೆಗೆ ಇಳಿದು ಅಲ್ಲಿ ಪೊರೆಯಷ್ಟೇ ಉಳಿಯುತ್ತೆ. ಆವಿ ದಾರಿ ಹುಡುಕೋದು ಆ ತೆಳು ಜಾಗದಲ್ಲೇ. ಒಮ್ಮೆ ಸೀಳಿತೋ, ಎಣ್ಣೆ ಒಳಗೆ ನುಗ್ಗಿ ಚಪ್ಪಟೆ ಮುಖದ ಹಿಟ್ಟು ಮುಚ್ಚಳ ತೆಗೆದಂತೆ ಎದ್ದು ಬರುತ್ತೆ, ಹಳದಿ ಎಣ್ಣೆಯಲ್ಲಿ ಉದುರುತ್ತೆ. ನೋಡಿದವರಿಗೆ ಹಳದಿಗೆ ಹಿಟ್ಟು ಅಂಟಲಿಲ್ಲ ಅನ್ನಿಸುತ್ತೆ. ನಿಜವಾಗಿ ಬಿಟ್ಟದ್ದು ಅಂಚು.

ಹಾಗಾಗಿ ಕೆಲಸದ ಕ್ರಮ ಇದು. ಹೋಳುಗಳನ್ನು ಹತ್ತಿ ಬಟ್ಟೆಯ ಮೇಲೆ ಮಗುಚಿ, ಬೆನ್ನನ್ನೂ ಒತ್ತಿ ಒರೆಸಿ. ಬೆರಳಿಗೆ ತೇವ ತಾಗಬಾರದು. ಒಂದು ತಟ್ಟೆಯಲ್ಲಿ ಅಕ್ಕಿ ಹಿಟ್ಟು, ಕಡಲೆ ಹಿಟ್ಟು ಸಮಸಮ ಬೆರೆಸಿದ ಒಣಪುಡಿ ಇಟ್ಟುಕೊಳ್ಳಿ, 2 ದೊಡ್ಡ ಚಮಚ ಸಾಕು. ಹೋಳನ್ನು ಅದರಲ್ಲಿ ಹೊರಳಿಸಿ ಕೊಡವಿ. ಆಮೇಲೆ ಅಂಚನ್ನು ಮಾತ್ರ ಪುಡಿಯ ಮೇಲೆ ಚಕ್ರದ ಥರ ಇನ್ನೊಂದು ಸುತ್ತು ಉರುಳಿಸಿ. ಎರಡು ನಿಮಿಷ ಬಿಡಿ. ಪುಡಿ ತೇವ ಎಳೆದುಕೊಂಡು ಬಿಳಿ ಬಣ್ಣ ಮಾಸಿದಾಗ ಒರಟು ಮೇಲ್ಮೈ ಸಿಕ್ಕಿದೆ ಅಂತ ಅರ್ಥ. ಮಾಸದೆ ಬೆಳ್ಳಗೇ ಉಳಿದರೆ ಪುಡಿ ಜಾಸ್ತಿಯಾಯ್ತು, ಮತ್ತೆ ಕೊಡವಿ. ಒಣ ಪದರ ಉಳಿದರೆ ಹಿಟ್ಟು ಹಿಡಿಯೋದು ಪುಡಿಯನ್ನೇ ಹೊರತು ಮೊಟ್ಟೆಯನ್ನಲ್ಲ.

ಅದ್ದುವಾಗ ಚಪ್ಪಟೆ ಮುಖ ಮೇಲಿರಲಿ. ಹೋಳನ್ನು ಹಿಟ್ಟಿನಲ್ಲಿ ಕೂರಿಸಿ, ಚಮಚದಿಂದ ಮೇಲೆ ಹಿಟ್ಟು ಸುರಿದು, ಚಮಚದಲ್ಲೇ ಎತ್ತಿ ಎಣ್ಣೆಯ ಮಟ್ಟಕ್ಕೆ ತಂದು ಜಾರಿಸಿ. ಬೆರಳಲ್ಲಿ ಹಿಡಿದರೆ ಹಿಡಿದ ಜಾಗ, ಅದೂ ಹೆಚ್ಚಾಗಿ ಅಂಚೇ, ಬೋಳಾಗುತ್ತೆ. ಎಣ್ಣೆಯಲ್ಲೂ ಚಪ್ಪಟೆ ಮುಖ ಮೇಲೇ ಇರಬೇಕು. ಕೆಳಗಾದರೆ ಹಿಟ್ಟು ಇಳಿದು ಬಾಣಲೆ ತಳ ಹಿಡಿಯುತ್ತೆ. ಮೇಲಿದ್ದರೆ ತಟ್ಟೆಯಲ್ಲಿದ್ದ ಹಾಗೆ ನಿಲ್ಲುತ್ತೆ. ಬಿಟ್ಟ ತಕ್ಷಣ ಸೌಟಿನಿಂದ ಬಿಸಿ ಎಣ್ಣೆಯನ್ನು ಅಂಚಿನ ಸುತ್ತ, ಮುಖದ ಮೇಲೆ ನಾಲ್ಕೈದು ಸಲ ಮೆಲ್ಲಗೆ ಚಿಮುಕಿಸಿ. ಬಣ್ಣ ಬದಲಾಗಿ ಮೇಲ್ಮೈ ಗಟ್ಟಿಯಾಗೋವರೆಗೆ ಮಗುಚಲೇಬೇಡಿ. ಅರ್ಧ ನಿಮಿಷ ದಾಟಿಸೋದು ಅಂದರೆ ಇದೇ.

ಆದರೂ ಬಿಟ್ಟರೆ, ಬಿದ್ದ ಹಿಟ್ಟಿನ ಒಳಮೈ ನೋಡಿ. ಒಳಗೆ ಹಸಿಯಾಗಿ ಹೊಳೀತಿದ್ದರೆ ಮೊಟ್ಟೆ ಸರಿಯಾಗಿ ಒರೆಸಿಲ್ಲ. ಪುಡಿಪುಡಿ ಇದ್ದರೆ ಒಣಹಿಟ್ಟು ಕೊಡವಿಲ್ಲ. ಹಿಟ್ಟು ಹೋಳಿನಿಂದ ಬಾಲದಂತೆ ಹರಿದು ಎಣ್ಣೆಯಲ್ಲಿ ತೇಲಿದರೆ ಕಲಸಿದ್ದು ನೀರಾಗಿದೆ, ಇಲ್ಲಾ ಎಣ್ಣೆ ಕಾದಿಲ್ಲ. ನೀರಾಗಿದ್ದರೆ ಕಡಲೆ ಹಿಟ್ಟು ಒಂದೊಂದೇ ಚಮಚ ಸೇರಿಸಿ ಗೆರೆ ಪರೀಕ್ಷೆ ಮತ್ತೆ ಮಾಡಿ.

ಎಣ್ಣೆ, ಗರಿ

ಪಾವಗಡ, ಶಿರಾ ಕಡೆ ಕಡಲೆಕಾಯಿ ಎಣ್ಣೆಯೇ ರೂಢಿ, ಅದು ಇದಕ್ಕೆ ಚೆನ್ನಾಗಿ ಒಗ್ಗುತ್ತೆ. ಹೋಳು ಮುಳುಗುವಷ್ಟು ಆಳ ಇರಲಿ. ಶಾಖ ಸುಮಾರು 175 ಡಿಗ್ರಿ: ಒಂದು ತೊಟ್ಟು ಹಿಟ್ಟು ಬಿಟ್ಟರೆ ಕೆಳಗಿಳಿದು ತಕ್ಷಣ ಗುಳ್ಳೆ ಸಮೇತ ಮೇಲೇಳಬೇಕು. ಇಳಿಯದೆ ಮೇಲೆಯೇ ಕಪ್ಪಾದರೆ ಉರಿ ತಗ್ಗಿಸಿ. ಹೊರಗೆ ಕೆಂಪಾಗಿ ಒಳಗೆ ಮೊಟ್ಟೆಗೆ ತಾಗಿದ ಹಿಟ್ಟು ಹಸಿ ಉಳಿಯುತ್ತೆ. ಒಂದು ಬಾಣಲೆಗೆ ನಾಲ್ಕು ಹೋಳು ಸಾಕು, ಐದನೆಯದಕ್ಕೆ ಎಣ್ಣೆ ತಣ್ಣಗಾಗುತ್ತೆ.

ಇನ್ನೊಂದು ತೊಡಕು ಮೊಟ್ಟೆ ಬಜ್ಜಿಗೆ ವಿಶೇಷ: ಕರಿದ ಮೇಲೂ ಬಿಳಿಯ ನೀರು ಆವಿಯಾಗಿ ಹೊರಗೆ ಬರ್ತಾನೇ ಇರುತ್ತೆ, ಸ್ವಲ್ಪ ಹೊತ್ತಿಗೇ ಕವಚ ಮೆತ್ತಗಾಗುತ್ತೆ. ಒಳಗಿನ ಮೊಟ್ಟೆ ಮೊದಲೇ ಬೆಂದಿರೋದರಿಂದ ಎರಡು ಸಲ ಕರಿಯೋದಕ್ಕೆ ಅಡ್ಡಿಯಿಲ್ಲ. ಸಂಜೆ ಬಜ್ಜಿ ಗಾಡಿಗಳಲ್ಲಿ ಮೊದಲೇ ಅರೆಗರಿದು ಇಟ್ಟು, ಕೇಳಿದಾಗ ಮತ್ತೆ ಬಿಸಿ ಎಣ್ಣೆಗೆ ಬಿಡೋದು ಸಮಯ ಉಳಿಸೋಕೆ ಮಾತ್ರ ಅಲ್ಲ. ಮೊದಲ ಸಲ ಹದವಾದ ಉರಿಯಲ್ಲಿ ಎರಡೂವರೆ ನಿಮಿಷ, ತಿಳಿ ಹೊಂಬಣ್ಣಕ್ಕೆ ತೆಗೆದು ಐದು ನಿಮಿಷ ಆರಲಿ. ಆ ಹೊತ್ತಲ್ಲಿ ಒಳಗಿನ ತೇವ ಕವಚಕ್ಕೆ ಬರುತ್ತೆ. ಎರಡನೇ ಸಲ ಉರಿ ಏರಿಸಿ 40 ಸೆಕೆಂಡು, ಅದು ಹಾರಿಹೋಗುತ್ತೆ. ಗುಳ್ಳೆಗಳ ಸದ್ದು ಕಡಿಮೆಯಾದಾಗ ತೆಗೆಯಿರಿ.

ತೆಗೆದದ್ದನ್ನು ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ. ಪೇಪರಿನ ಮೇಲೆ ರಾಶಿ ಹಾಕಿದರೆ ಕೆಳಗಿನವು ಬೆವರುತ್ತವೆ, ಡಬ್ಬಿಯಲ್ಲಿ ಮುಚ್ಚಿಟ್ಟರಂತೂ ಎರಡು ಸಲ ಕರಿದದ್ದೂ ದಂಡ. ಈರುಳ್ಳಿ, ಕೊತ್ತಂಬರಿ, ನಿಂಬೆರಸ ಹಾಕೋದಾದರೆ ಸೀಳಿ ಒಳಗೆ ತುಂಬಿ, ಹೊರಗೆ ಹಿಂಡಬೇಡಿ.