‘ಯಾರಿಗೂ ಏನೂ ಆಗಿಲ್ಲ’ ಎಂದು ಬರೆಯುವ ಮುನ್ನ

ಕುಶಾಲನಗರದ ಕಡೆಯ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಜುಲೈನ ಒಂದು ಬೆಳಿಗ್ಗೆ, ತಂಪು ಮಾಡಲು ಬಳಸುವ ಅಮೋನಿಯ ಸೋರಿತ್ತು. ಆಪರೇಟರ್ ಬರೆದ ವರದಿ ಮೂರೇ ಸಾಲು: ‘6:10ಕ್ಕೆ ಅಲಾರಂ ಆಯ್ತು. ಎಲ್ಲರನ್ನೂ ಗೇಟಿಗೆ ಕಳಿಸಿದೆ. ಯಾರಿಗೂ ಏನೂ ಆಗಿಲ್ಲ.’

ನಾನು ಅಲಾರಂ ಪ್ಯಾನೆಲ್‌ನ ದಾಖಲೆ ತೆಗೆದು ನೋಡಿದೆ. ಮೊದಲ ಅಲಾರಂ 5:58ಕ್ಕೇ ಆಗಿತ್ತು, ಗಾಳಿಯಲ್ಲಿ ಅಮೋನಿಯ 25 ಪಿಪಿಎಂ ಮುಟ್ಟಿದಾಗ. ಯಾರೋ ಬಜರ್ ಆಫ್ ಮಾಡಿದ್ದರು.

“ಆಯಿಲ್ ತೆಗೆಯುವಾಗ ಅದು ಯಾವಾಗ್ಲೂ ಕೂಗುತ್ತೆ ಸಾರ್” ಎಂದ ಆಪರೇಟರ್.

ಅಲ್ಲೇ ಇತ್ತು ಸಮಸ್ಯೆ. ಕಂಪ್ರೆಸರ್‌ನ ಆಯಿಲ್ ಅಮೋನಿಯದಲ್ಲಿ ಬೆರೆಯುವುದಿಲ್ಲ. ಭಾರ ಜಾಸ್ತಿಯಾದ್ದರಿಂದ ತಳಕ್ಕೆ ಇಳಿಯುತ್ತದೆ, ಆಗಾಗ ತೆಗೆಯಬೇಕು. ಆಯಿಲ್ ಮುಗಿದ ಕೂಡಲೇ ಹಿಂದೆಯೇ ದ್ರವ ಅಮೋನಿಯ ನುಗ್ಗುತ್ತದೆ. ಅದಕ್ಕೇ ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ವಾಲ್ವ್ ಇರುವುದು. ಇಲ್ಲೂ ಇತ್ತು. ಆದರೆ ಅದರ ಹಿಡಿಯನ್ನು ಕಾಫಿ ಚೀಲ ಹೊಲಿಯುವ ಹುರಿಯಿಂದ ಕಟ್ಟಿ ಹಾಕಿದ್ದರು. ಆಯಿಲ್ ತೆಗೆಯುವ ಹುಡುಗ ಅದನ್ನು ಹಿಡಿದು ನಿಲ್ಲುವ ಬದಲು ಬೇರೆ ಕೆಲಸಕ್ಕೆ ಹೋಗಿದ್ದ. ವರದಿಯಲ್ಲಿ ಹುರಿಯ ಸುದ್ದಿಯೇ ಇಲ್ಲ.

ಇನ್ನು ಗೇಟು. ಅಮೋನಿಯ ಗಾಳಿಗಿಂತ ಹಗುರ, ಮೇಲಕ್ಕೆ ಹೋಗಿಬಿಡುತ್ತೆ ಅಂತ ಎಲ್ಲರೂ ಹೇಳುತ್ತಾರೆ. ದ್ರವವಾಗಿ ಚಿಮ್ಮಿದರೆ ಹಾಗಲ್ಲ. ತಣ್ಣನೆಯ ಬಿಳಿ ಹೊಗೆಯಾಗಿ ನೆಲ ಹಿಡಿದು ಹರಿಯುತ್ತದೆ. ಮಳೆಗಾಲದ ಕೊಡಗಿನಲ್ಲಿ ಅದು ಯಾವುದು, ಮಂಜು ಯಾವುದು? ಅವತ್ತು ಗಾಳಿ ಗೇಟಿನ ಕಡೆಗೇ ಬೀಸುತ್ತಿತ್ತು. ಜನ ಹೊಗೆಯ ಜೊತೆಗೇ ನಡೆದರು. ಹೋಗಬೇಕಾದದ್ದು ಗಾಳಿಗೆ ಅಡ್ಡಲಾಗಿ, ಆಮೇಲೆ ಗಾಳಿ ಬರುವ ದಿಕ್ಕಿಗೆ. ಸೇರುವ ಜಾಗ ಎರಡು ಬೇಕು, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಒಂದು ಎತ್ತರದಲ್ಲಿ ಬೇಕು. ಜನರನ್ನು ಯಾವ ಕಡೆಗೆ ಕಳಿಸಿದ್ದು, ಎಣಿಸಿದ್ದು ಯಾರು, ದಿನಗೂಲಿಯ ಲೋಡರ್‌ಗಳು ಎಣಿಕೆಯಲ್ಲಿ ಇದ್ದರೋ ಇಲ್ಲವೋ, ಇಷ್ಟನ್ನು ವರದಿ ಹೇಳಲೇಬೇಕು.

ಮೂರನೇ ಸಾಲೇ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು. ಒಬ್ಬ ಲೋಡರ್‌ನ ಕಣ್ಣು ಉರಿದಿತ್ತು. ಎರಡು ಮಗ್ ನೀರು ಎರಚಿಕೊಂಡು ಸರಿಯಾಯ್ತು ಅಂದನಂತೆ. ಅಮೋನಿಯ ಬಿದ್ದ ಕಣ್ಣನ್ನು ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು, ರೆಪ್ಪೆ ಎತ್ತಿ ಹಿಡಿದು. ಗಂಟಲೂ ಕೆಟ್ಟು ಅವನ ದನಿ ಒಡೆದಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಮೋನಿಯವನ್ನು ಹೆಚ್ಚು ಉಸಿರಿಗೆ ಎಳೆದುಕೊಂಡವರಿಗೆ ಮೊದಲು ಆರಾಮ ಅನ್ನಿಸಿ, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಈತನಿಗೂ ಆ ರಾತ್ರಿಯೇ ಏದುಸಿರು ಶುರುವಾಗಿ ಆಸ್ಪತ್ರೆ ಸೇರಿಸಬೇಕಾಯ್ತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಎಷ್ಟು ಹೊತ್ತು ಒಳಗಿದ್ದ? ಹೇಳುವವರಿಲ್ಲ.

ಆಪರೇಟರ್‌ನನ್ನು ಕೂರಿಸಿಕೊಂಡು ಮತ್ತೆ ಬರೆಸಿದೆ. ಲೋಡರ್ ನಿಂತಿದ್ದ ಜಾಗ, ಅಲ್ಲಿ ಎಷ್ಟು ನಿಮಿಷ ಇದ್ದ ಅನ್ನುವುದು, ಕಣ್ಣು ತೊಳೆದ ಹೊತ್ತು, ದನಿ. ಹುರಿಯ ವಿಷಯಕ್ಕೆ ಬಂದಾಗ ಅವನ ಪೆನ್ನು ನಿಂತಿತು. “ಕಟ್ಟಿದ್ದು ನಾನೇ ಸಾರ್, ಬರೀಲಾ?” ಅಂದ. ಬರಿ ಅಂದೆ.